ಬೆಕ್ಕಿಗೆ ಬೈಯೋ ಹೆಂಗಸಿನ ಮೀಮ್ ಮಾಡಿದೆ, ಒಬ್ಬರೂ ನಗಲಿಲ್ಲ. ಎಲ್ಲಿ ಎಡವಿದೆ?

ಸುಮಾ_ಬರೀತಾಳೆ
ಎಡಗಡೆ ಅಳ್ತಾ ಬೆರಳು ತೋರಿಸಿ ಕಿರುಚೋ ಹೆಂಗಸು, ಬಲಗಡೆ ಊಟದ ಟೇಬಲ್ ಹಿಂದೆ ಕೂತ ಬಿಳಿ ಬೆಕ್ಕು. ಈ ಮೀಮ್ ಎಲ್ಲರಿಗೂ ಗೊತ್ತು. ನಮ್ಮ ಗೆಳತಿಯರ ಗುಂಪಿಗೆ ಅದನ್ನೇ ಕನ್ನಡದಲ್ಲಿ ಮಾಡಿ ಹಾಕಿದೆ. ಆರು ಜನ ಸೇರಿ ಪ್ರವಾಸ ಹೋಗೋದು ಅಂತ ಮಾತಾಗಿತ್ತು, ದಿನ ಯಾವುದು ಅಂತ ಕೇಳಿ ಕೇಳಿ ನನಗೆ ಸಾಕಾಗಿತ್ತು. ಅದಕ್ಕೆ ಹೀಗೆ ಬರೆದೆ.

ಹೆಂಗಸು: "ಮೂರು ವಾರದಿಂದ ಕೇಳ್ತಿದೀನಿ, ಯಾವ ದಿನ ಹೊರಡೋದು ಅಂತ ಒಬ್ಬರಾದ್ರೂ ಬಾಯಿ ಬಿಡ್ತೀರಾ!"
ಬೆಕ್ಕು: "ಮೆಸೇಜ್ ನೋಡಿದ್ದೆ ಕಣೆ, ಆದ್ರೆ ಕೆಲಸ ಜಾಸ್ತಿ ಇತ್ತು, ಆಮೇಲೆ ಮರೆತೇಹೋಯ್ತು, ನಂಗೆ ಯಾವ ದಿನ ಆದ್ರೂ ಓಕೆ, ನೀವೇ ಹೇಳಿ"

ಅಕ್ಷರಕ್ಕೆ ಜಾಗ ಸಾಲದೆ ಆ್ಯಪ್‌ನಲ್ಲಿ ಎರಡೂ ಚಿತ್ರವನ್ನ ಚೌಕಾಕಾರಕ್ಕೆ ಕತ್ತರಿಸಿ ಬರೀ ಮುಖ ಉಳಿಸಿಕೊಂಡೆ. ಒಬ್ಬಳು ಹೆಬ್ಬೆರಳು ಒತ್ತಿದಳು, ಅಷ್ಟೇ. ವಿಷಯ ಚೆನ್ನಾಗೇ ಇತ್ತಲ್ಲ, ಕೆಟ್ಟಿದ್ದೆಲ್ಲಿ?

ಪುಟ್ಟಣ್ಣಿ
ಬೆಕ್ಕು ಇಷ್ಟೊಂದು ಮಾತಾಡಿದ್ದು ನಾನು ಇದೇ ಮೊದಲು ನೋಡ್ತಿರೋದು.

ರಘು ಕೆ
ಇದು ಯಾವುದೋ ಇಂಗ್ಲಿಷ್ ಸಿನಿಮಾದ ಸೀನ್. ಪಾರ್ಟಿಯಲ್ಲಿ ಬೆಕ್ಕು ಟೇಬಲ್ ಹತ್ತಿ ಕೂರುತ್ತೆ, ಮನೆಯೊಡತಿ ಬೈತಾಳೆ, ಹಿಂದೆ ಇರೋಳು ಹಿಡ್ಕೋತಾಳೆ. ಸಿನಿಮಾ ನೋಡದೋರಿಗೆ ಅರ್ಥ ಆಗಲ್ಲ, ಅದಕ್ಕೇ ನಿಮ್ಮ ಗುಂಪಿನಲ್ಲಿ ನಗು ಬಂದಿಲ್ಲ ಅನ್ಸುತ್ತೆ. ನಗು ಬರೋದು ಎರಡರ ಎದುರುಬದುರಿನಿಂದ ಅನ್ನೋದಂತೂ ನಿಜ. ಒಬ್ಬರು ಕುದೀತಿರಬೇಕು, ಇನ್ನೊಬ್ಬರು ತಣ್ಣಗಿರಬೇಕು.

ಹಳೇಬ್ರೌಸರ್
ರಘು ಅವರೇ, ಕೊನೆಯ ಎರಡು ವಾಕ್ಯ ಸರಿ, ಮೊದಲಿನವೆಲ್ಲ ತಪ್ಪು. ಸಿನಿಮಾನೂ ಅಲ್ಲ, ಒಂದೇ ಸೀನೂ ಅಲ್ಲ. ಆ ಹೆಂಗಸೂ ಬೆಕ್ಕೂ ಒಂದೇ ಕೋಣೆಯಲ್ಲಿ ಯಾವತ್ತೂ ಇರಲಿಲ್ಲ, ಒಂದೇ ದೇಶದಲ್ಲೂ ಇರಲಿಲ್ಲ. ಎರಡು ಚಿತ್ರಗಳ ನಡುವೆ ಆರೂವರೆ ವರ್ಷದ ಅಂತರ ಇದೆ.

ಎಡಗಡೆಯದು ಅಮೆರಿಕದ ಬ್ರಾವೋ ಚಾನೆಲ್‌ನ ರಿಯಾಲಿಟಿ ಶೋ, 'ದಿ ರಿಯಲ್ ಹೌಸ್‌ವೈವ್ಸ್ ಆಫ್ ಬೆವರ್ಲಿ ಹಿಲ್ಸ್'. ಎರಡನೇ ಸೀಸನ್, 2011ರ ಡಿಸೆಂಬರ್‌ನಲ್ಲಿ ಬಂದ ಎಪಿಸೋಡ್, ಮ್ಯಾಲಿಬು ಕಡಲತೀರದ ಒಂದು ಪಾರ್ಟಿ. ಕಿರುಚುತ್ತಿರುವವರು ಟೇಲರ್ ಆರ್ಮ್‌ಸ್ಟ್ರಾಂಗ್, ಹಿಂದಿನಿಂದ ಹಿಡಿದುಕೊಂಡವರು ಕೈಲ್ ರಿಚರ್ಡ್ಸ್. ಟೇಲರ್ ಬೈತಿದ್ದದ್ದು ಇನ್ನೊಬ್ಬ ಹೆಂಗಸಿಗೆ.

ಬಲಗಡೆಯ ಬೆಕ್ಕು ಕೆನಡಾದ ಒಟ್ಟಾವಾದ್ದು, ಹೆಸರು ಸ್ಮಜ್. 2018ರ ಜೂನ್‌ನಲ್ಲಿ ಟಂಬ್ಲರ್‌ನಲ್ಲಿ ಆ ಫೋಟೋ ಬಂತು. ಮುಂದೆ ಸೊಪ್ಪು ತರಕಾರಿಯ ತಟ್ಟೆ. ಕೆಳಗಿನ ಅಡಿಬರಹ ಮಕ್ಕಳ ತೊದಲು ಇಂಗ್ಲಿಷಿನಲ್ಲಿತ್ತು. ನಮ್ಮ ಮಾತಲ್ಲಿ ಹೇಳೋದಾದ್ರೆ, "ಅವಂಗೆ ತಕ್ಕಾರಿ ಇಸ್ಟ ಇಲ್ಲ".

ಎರಡನ್ನೂ ಪಕ್ಕಪಕ್ಕ ಇಟ್ಟಿದ್ದು 2019ರ ಮೇ ಮೊದಲ ದಿನ, ಟ್ವಿಟರ್‌ನಲ್ಲಿ ಒಬ್ಬರು. ಇವೆರಡನ್ನ ಜೊತೆಗೆ ನೋಡಿದ್ರೆ ನಗು ತಡೆಯೋಕಾಗ್ತಿಲ್ಲ ಅನ್ನೋ ಅರ್ಥದ ಒಂದು ಸಾಲು ಬಿಟ್ಟರೆ ಇನ್ನೇನೂ ಬರೆದಿರಲಿಲ್ಲ. ಹೆಂಗಸಿನ ಬಾಯಿಗೂ ಬೆಕ್ಕಿನ ಬಾಯಿಗೂ ಮಾತು ತುಂಬಿದ್ದು ಆಮೇಲೆ ಬಂದವರು.

ರಘು ಕೆ
ಇಷ್ಟು ವರ್ಷದಿಂದ ಅದು ಒಂದೇ ರೂಮು ಅಂದ್ಕೊಂಡಿದ್ದೆ ಮಾರಾಯ್ರೆ. ಬೆಳಕು ಕೂಡ ಹೊಂದಲ್ಲ ಅಂತ ಈಗ ಕಾಣ್ತಿದೆ.

ಬೆಕ್ಕಿನಮ್ಮ
ನಮ್ಮ ಚಿನ್ನೂನೂ ಹೀಗೇ ಟೇಬಲ್‌ಗೆ ಕುರ್ಚಿ ಎಳೆದ ತಕ್ಷಣ ಬಂದು ಕೂತ್ಕೋತಾನೆ. ಬೈದ್ರೆ ಇದೇ ಮುಖ. ಸುಮಾ, ನೀವು ಕಿರುಚಬೇಡಿ, ಕಿರುಚಿದ್ರೆ ಬೆಕ್ಕಿಗೆ ಯಾಕೆ ಅಂತ ಗೊತ್ತಾಗಲ್ಲ, ನಿಮ್ಮನ್ನ ಕಂಡ್ರೆ ಹೆದರೋದಷ್ಟೇ ಕಲಿಯುತ್ತೆ. ಸುಮ್ನೆ ಎತ್ತಿ ಕೆಳಗೆ ಬಿಡಿ, ದಿನಾ ಹಾಗೇ ಮಾಡಿ. ಇನ್ನೊಂದು, ಆ ತಟ್ಟೆಯಲ್ಲಿ ಈರುಳ್ಳಿ ಇಲ್ಲ ತಾನೇ? ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿಗೆ ವಿಷ.

ಸುಮಾ_ಬರೀತಾಳೆ
ಅಕ್ಕಾ, ನಮ್ಮನೇಲಿ ಬೆಕ್ಕೇ ಇಲ್ಲ 😀 ಮೀಮ್ ಬಗ್ಗೆ ಕೇಳಿದ್ದು.

ಬೆಕ್ಕಿನಮ್ಮ
ಅಯ್ಯೋ ಹೌದಾ. ಆದ್ರೂ ಈರುಳ್ಳಿ ವಿಷಯ ನೆನಪಿಟ್ಕೊಳಿ.

ಕತ್ತರಿ_ಅಂಟು
ನಾನು ಎಡಿಟಿಂಗ್ ಕೆಲಸದವನು, ಜಾಹೀರಾತು ಕತ್ತರಿಸಿ ಅನ್ನ ತಿನ್ನೋನು. ಹಳೇಬ್ರೌಸರ್ ಅವರು ಕೊಟ್ಟ ವಿವರದಲ್ಲೇ ಸುಮಾ ಅವರ ಪ್ರಶ್ನೆಗೆ ಅರ್ಧ ಉತ್ತರ ಇದೆ.

ಅದೇ ಬೆಕ್ಕಿನ ಫೋಟೋ 2018ರಲ್ಲಿ ಏನು ಹೇಳ್ತಿತ್ತು? "ತರಕಾರಿ ಬೇಡ." ನೋಡಿದವರಿಗೆ ಆ ಮುಖದಲ್ಲಿ ಅಸಹ್ಯ ಕಂಡಿತು. 2019ರಲ್ಲಿ ಪಕ್ಕದಲ್ಲಿ ಕಿರುಚೋ ಹೆಂಗಸು ಬಂದ ಮೇಲೆ? "ನಾನೇನು ಮಾಡಿದೆ?" ಈಗ ಅದೇ ಮುಖದಲ್ಲಿ ಗಲಿಬಿಲಿ ಕಾಣ್ತಿದೆ. ಫೋಟೋದ ಒಂದು ಚುಕ್ಕೆಯೂ ಬದಲಾಗಿಲ್ಲ. ಬದಲಾದದ್ದು ಪಕ್ಕದ ಮನೆಯವರು.

ಸಿನಿಮಾದವರು ಇದನ್ನ ಕುಲೆಶೋವ್ ಪರಿಣಾಮ ಅಂತಾರೆ. ಲೆವ್ ಕುಲೆಶೋವ್ ಅಂತ ರಷ್ಯಾದ ನಿರ್ದೇಶಕ, ಸುಮಾರು ನೂರು ವರ್ಷದ ಹಿಂದೆ, ಮೊಸ್ಜುಕಿನ್ ಅನ್ನೋ ನಟನ ಭಾವವಿಲ್ಲದ ಒಂದೇ ಮುಖವನ್ನ ಬೇರೆ ಬೇರೆ ದೃಶ್ಯಗಳ ಪಕ್ಕ ಅಂಟಿಸಿದನಂತೆ. ಸೂಪಿನ ಬಟ್ಟಲಿನ ಪಕ್ಕ ಇಟ್ಟಾಗ ಹಸಿವು ಕಂಡಿತು, ಶವಪೆಟ್ಟಿಗೆಯ ಪಕ್ಕ ಇಟ್ಟಾಗ ದುಃಖ ಕಂಡಿತು. ಆ ತುಣುಕು ಈಗ ಉಳಿದಿಲ್ಲ, ಅದರ ಬಗ್ಗೆ ಹೇಳಿದವರು ಒಬ್ಬೊಬ್ಬರು ಒಂದೊಂದು ಥರ ಹೇಳಿದ್ದಾರೆ. ಆದ್ರೆ ನಾವು ಎಡಿಟಿಂಗ್ ಟೇಬಲ್‌ನಲ್ಲಿ ದಿನಾ ಇದರಿಂದಲೇ ಬದುಕೋದು. ನಟ ಸುಮ್ಮನೆ ನೋಡಿದ ಒಂದು ಶಾಟ್ ಇದ್ರೆ ಸಾಕು, ಪಕ್ಕದಲ್ಲಿ ಏನಿಡ್ತೀನೋ ಅದೇ ಅವನ ಮನಸ್ಸು.

ಅಂದ್ರೆ ಬೆಕ್ಕಿನ ಮುಖ ಖಾಲಿ ಪಾತ್ರೆ. ನೋಡುವವನೇ ತುಂಬಬೇಕು. ಸುಮಾ, ನೀವು ಹದಿನಾರು ಪದ ಸುರಿದು ಅದನ್ನ ನೀವೇ ತುಂಬಿಬಿಟ್ಟಿರಿ. ಕೆಲಸ ಇತ್ತು, ಮರೆತೆ ಅನ್ನೋ ಬೆಕ್ಕಿಗೆ ತಪ್ಪಿನ ಅರಿವಿದೆ. ಅರಿವಿದ್ದ ಮೇಲೆ ಅದು ಆ ಮುಖ ಇಟ್ಟುಕೊಂಡು ಹೇಗೆ ಕೂರುತ್ತೆ? ಮಾತೂ ಮುಖವೂ ಜಗಳಕ್ಕೆ ನಿಂತಿವೆ.

ಪುಟ್ಟಣ್ಣಿ
ಹಾಗಾದ್ರೆ ಬೆಕ್ಕು: "ಯಾವ ದಿನ ಆದ್ರೂ ಓಕೆ."

ಕತ್ತರಿ_ಅಂಟು
ಹತ್ತಿರ ಬಂತು. ಇನ್ನೂ ಕತ್ತರಿಸಿ.

ಪುಟ್ಟಣ್ಣಿ
ಬೆಕ್ಕು: "ಎಲ್ಲಿಗೆ?"

ಸುಮಾ_ಬರೀತಾಳೆ
😂😂 ಅಯ್ಯೋ ಇದು! ನಿಜವಾಗ್ಲೂ ಒಬ್ಬಳು ಹಾಗೇ ಕೇಳಿದ್ಲು, ಮೂರು ವಾರ ಆದ ಮೇಲೆ!

ಹಳೇಬ್ರೌಸರ್
"ಎಲ್ಲಿಗೆ?" ಚೆನ್ನಾಗಿದೆ, ಆದ್ರೆ ನನ್ನ ಓಟು "ಯಾವ ದಿನ ಆದ್ರೂ ಓಕೆ"ಗೆ. ಯಾಕೆ ಅಂದ್ರೆ ಈ ಮೀಮಿನಲ್ಲಿ ಎರಡು ಜಾತಿ. ಒಂದರಲ್ಲಿ ಹೆಂಗಸು ಹೇಳೋದು ನ್ಯಾಯ, ಬೆಕ್ಕು ತಪ್ಪಿತಸ್ಥ, ಆದ್ರೆ ಅದಕ್ಕೆ ಕಿಂಚಿತ್ತೂ ಬಿಸಿ ತಟ್ಟಿಲ್ಲ. ಇನ್ನೊಂದರಲ್ಲಿ ಹೆಂಗಸಿನದು ಅಬ್ಬರ ಮಾತ್ರ, ಬೆಕ್ಕಿನ ಒಂದು ಸಣ್ಣ ಮಾತು ಅದನ್ನ ಪಂಕ್ಚರ್ ಮಾಡುತ್ತೆ. "ಎಲ್ಲಿಗೆ?" ಅಂದ್ರೆ ಬೆಕ್ಕು ದಡ್ಡು, ಅಲ್ಲಿಗೆ ಮುಗೀತು. "ಯಾವ ದಿನ ಆದ್ರೂ ಓಕೆ" ಅಂದ್ರೆ ಅದು ಸೌಜನ್ಯದ ಮಾತು, ತಪ್ಪು ಹುಡುಕೋಕೂ ಆಗಲ್ಲ, ಆದ್ರೆ ಮೂರು ವಾರ ಕಾದವಳ ತಲೆ ಸಿಡಿಯೋದು ನಿಖರವಾಗಿ ಆ ಮಾತಿಗೇ. ಯಾರು ಸರಿ ಅನ್ನೋದು ತೀರ್ಮಾನ ಆಗದೆ ತೂಗಾಡ್ತಿದ್ರೆ ಜೋಕ್ ಹೆಚ್ಚು ದಿನ ಬಾಳುತ್ತೆ.

ಪುಟ್ಟಣ್ಣಿ
ಅಣ್ಣಾ, ಜೋಕ್‌ಗೆ ಇಷ್ಟು ವ್ಯಾಖ್ಯಾನ ಬರೆದ್ರೆ ಅದು ಅಲ್ಲೇ ಸತ್ತೋಗುತ್ತೆ. "ಎಲ್ಲಿಗೆ?"

ಕತ್ತರಿ_ಅಂಟು
ನಾನೂ "ಎಲ್ಲಿಗೆ?" ಕಡೆ. ಆದ್ರೆ ಉಳಿದರ್ಧ ತಪ್ಪು ಹೇಳಿಬಿಡ್ತೀನಿ, ಸುಮಾ ಚಿತ್ರ ಕತ್ತರಿಸಿದ್ದು.

ಮೂಲ ಚಿತ್ರವನ್ನ ಒಮ್ಮೆ ನಿಧಾನವಾಗಿ ನೋಡಿ. ಎಡಗಡೆಯಲ್ಲಿ ಮೂರು ಸಂಗತಿ ಇವೆ. ಅಳೋ ಮುಖ, ಬಲಕ್ಕೆ ಚಾಚಿದ ಕೈ, ಹಿಂದೆ ಹಿಡಿದುಕೊಂಡ ಇನ್ನೊಬ್ಬ ಹೆಂಗಸು. ಕೈ ಯಾಕೆ ಬೇಕು ಅಂದ್ರೆ, ಎರಡು ಬೇರೆ ಜಗತ್ತಿನ ಫೋಟೋಗಳನ್ನ ಒಂದೇ ಕೋಣೆ ಮಾಡಿರೋದು ಆ ಬೆರಳೇ. ನಮ್ಮ ಕಣ್ಣು ಎಡದಿಂದ ಬಲಕ್ಕೆ ಓದುತ್ತೆ, ಮುಖದಿಂದ ತೋಳಿಗೆ, ತೋಳಿನಿಂದ ಬೆರಳಿಗೆ ಜಾರಿ ಗೆರೆ ದಾಟಿದ್ರೆ ಎದುರಿಗೆ ಬೆಕ್ಕು. ರಘು ಅವರು ಒಂದೇ ರೂಮು ಅಂದ್ಕೊಂಡಿದ್ದು ಅವರ ತಪ್ಪಲ್ಲ, ಬೆರಳಿನ ಕೆಲಸ ಅಷ್ಟು ಚೆನ್ನಾಗಿದೆ.

ಹಿಡಿದುಕೊಂಡವಳು ಯಾಕೆ ಬೇಕು? ಯಾರೋ ತಡೀತಿದ್ದಾರೆ ಅಂದ್ರೆ ಸಿಟ್ಟು ಒಬ್ಬಳ ಮೈಯಲ್ಲಿ ಹಿಡಿಸದಷ್ಟಿದೆ ಅಂತ. ಅವಳನ್ನ ತೆಗೆದ್ರೆ ಉಳಿಯೋದು ಅಳೋ ಒಬ್ಬ ಹೆಂಗಸು ಮಾತ್ರ, ಅದು ನಗುವಲ್ಲ, ಬೇಸರ.

ಬಲಗಡೆ ತಟ್ಟೆ, ಟೇಬಲ್, ಕುರ್ಚಿ. ಬೆಕ್ಕು ನೆಲದ ಮೇಲೆ ಕೂತಿದ್ರೆ ಅದು ಬೆಕ್ಕು. ಟೇಬಲ್ ಹಿಂದೆ ತಟ್ಟೆ ಎದುರು ಕೂತಿದ್ರೆ ಅದು ಊಟಕ್ಕೆ ಕರೆಸಿಕೊಂಡು ಬೈಸಿಕೊಳ್ತಿರೋ ಅತಿಥಿ. ಉತ್ತರ ಕೊಡೋ ಹೊಣೆ ಅದಕ್ಕೆ ಬರೋದೇ ಆ ಟೇಬಲ್‌ನಿಂದ. ನೀವು ಚೌಕಕ್ಕೆ ಕತ್ತರಿಸಿದಾಗ ಬೆರಳು ಹೋಯ್ತು, ಹಿಡಿದವಳು ಹೋದ್ಲು, ತಟ್ಟೆ ಹೋಯ್ತು.

ಸುಮಾ_ಬರೀತಾಳೆ
ಈಗ ಮತ್ತೆ ತೆಗೆದು ನೋಡಿದೆ. ನಿಜ, ನನ್ನದರಲ್ಲಿ ಬೆಕ್ಕಿನ ಎರಡು ಕಣ್ಣು, ಮೂಗು, ಅಷ್ಟೇ. ಪಾಸ್‌ಪೋರ್ಟ್ ಫೋಟೋ ಥರ ಇದೆ.

ಆದ್ರೆ ಕತ್ತರಿಸದೆ ಅಕ್ಷರ ಎಲ್ಲಿಡಲಿ? ಮೇಲೆ ಬರೆದ್ರೆ ಮುಖ ಮುಚ್ಚುತ್ತೆ.

ಲಿಪಿಗಾರ
ಇದು ನನ್ನ ಇಲಾಖೆ. ಚಿತ್ರದ ಮೇಲೆ ಬರೀಬೇಡಿ. ಎರಡು ಚಿತ್ರವನ್ನೂ ಒಂದೇ ಎತ್ತರಕ್ಕೆ ತಂದು ಪಕ್ಕಪಕ್ಕ ಇಟ್ಟು, ತಲೆಯ ಮೇಲೆ ಒಂದು ಬಿಳಿ ಪಟ್ಟಿ ಬಿಡಿ, ಅದರಲ್ಲಿ ಕಪ್ಪು ಅಕ್ಷರ. ಈ ಮೀಮ್ ಹೆಚ್ಚಾಗಿ ಓಡಾಡಿದ್ದೂ ಹಾಗೇ.

ಮೀಮ್ ಆ್ಯಪ್‌ಗಳು ತಾವಾಗಿ ಕೊಡೋ ಬಿಳಿ ಅಕ್ಷರ, ಕಪ್ಪು ಅಂಚು ಕನ್ನಡಕ್ಕೆ ಒಗ್ಗಲ್ಲ. ಅವು ಬಳಸೋ ಇಂಪ್ಯಾಕ್ಟ್ ಅನ್ನೋ ಅಕ್ಷರಶೈಲಿಯಲ್ಲಿ ಕನ್ನಡವೇ ಇಲ್ಲ, ಹಾಗಾಗಿ ಫೋನಿನಲ್ಲಿರೋ ಯಾವುದೋ ತೆಳ್ಳಗಿನ ಕನ್ನಡ ಬಂದು ಕೂರುತ್ತೆ. ಅದಕ್ಕೆ ದಪ್ಪ ಕಪ್ಪು ಅಂಚು ಕೊಟ್ರೆ ಕನ್ನಡದ ಗುಂಡುಗಳ ಒಳಗಿನ ಸಂದು ಮುಚ್ಚಿಹೋಗುತ್ತೆ. 'ಥ'ದ ಹೊಟ್ಟೆಯ ಚುಕ್ಕೆ ಕಾಣಲ್ಲ, 'ಧ' ಯಾವುದು 'ದ' ಯಾವುದು ತಿಳಿಯಲ್ಲ. ಬಾಲೂ ತಮ್ಮ ಅಂತ ದಪ್ಪಗೆ ಗುಂಡಗಿರೋ ಕನ್ನಡ ಶೈಲಿ ಪುಕ್ಕಟೆ ಸಿಗುತ್ತೆ, ಬೈಗುಳಕ್ಕೆ ಅದು ಚೆನ್ನ. ಬೆಕ್ಕಿನ ಮಾತಿಗೆ ನೋಟೋ ಸಾನ್ಸ್ ಕನ್ನಡದ ಸಾದಾ ತೂಕ ಸಾಕು.

ಪಟ್ಟಿಯ ಕೆಳಗೆ ಜಾಗ ಬಿಡಿ. ಇಂಗ್ಲಿಷಿಗೆ ಅಳತೆ ಮಾಡಿದ ಪಟ್ಟಿಯಲ್ಲಿ ಕನ್ನಡ ಬರೆದ್ರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಹೊಡೆಯುತ್ತೆ, ಕೊನೇ ಸಾಲಿನದಾದ್ರೆ ಅರ್ಧ ಕತ್ತರಿಸಿ ಹೋಗುತ್ತೆ. ನಿಮ್ಮ "ಕೇಳ್ತಿದೀನಿ", "ಒಬ್ಬರಾದ್ರೂ" ಎರಡರಲ್ಲೂ ಒತ್ತು ಇದೆ. ಚಿತ್ರ ಉಳಿಸಿದ ಮೇಲೆ ಹಿಗ್ಗಿಸಿ ಅವೆರಡನ್ನೇ ನೋಡಿ, ಅವು ಸರಿಯಿದ್ರೆ ಉಳಿದದ್ದೂ ಸರಿ ಇರುತ್ತೆ.

ರಘು ಕೆ
ಬೆಕ್ಕನ್ನ ಎಡಕ್ಕೆ ಹಾಕಿದ್ರೆ ಹೊಸತನ ಬರಲ್ವಾ?

ಕತ್ತರಿ_ಅಂಟು
ಹಾಕಿ ನೋಡಿ. ಬೆರಳು ಚೌಕಟ್ಟಿನಾಚೆ ಯಾರಿಗೋ ತೋರಿಸ್ತಿರುತ್ತೆ, ಬೆಕ್ಕು ಪ್ರಶ್ನೆ ಬರೋ ಮೊದಲೇ ಉತ್ತರ ಕೊಟ್ಟಿರುತ್ತೆ. ಚಿತ್ರವನ್ನ ಕನ್ನಡಿಯಂತೆ ತಿರುಗಿಸಿದ್ರೆ ಬೆರಳು ಸರಿಹೋಗುತ್ತೆ, ಓದೋ ಕ್ರಮ ಮಾತ್ರ ಸರಿಹೋಗಲ್ಲ.

ಮಾಲತಿ_ಎಸ್
ಇಷ್ಟೊತ್ತು ಓದ್ತಿದ್ದೆ, ಒಂದು ಮಾತು ಹೇಳದೆ ಇರೋಕಾಗ್ತಿಲ್ಲ. ಆ ಶೋ ನಾನು ನೋಡಿದ್ದೀನಿ. ಆ ಸೀಸನ್ನಿನ ಜಗಳಗಳ ಹಿಂದೆ ಇದ್ದದ್ದು ಟೇಲರ್ ಮದುವೆ, ಗಂಡನ ಹೊಡೆತದ ಆರೋಪ. ಸೀಸನ್ ಪ್ರಸಾರ ಆಗೋ ಮೊದಲೇ, 2011ರ ಆಗಸ್ಟ್‌ನಲ್ಲಿ, ಗಂಡ ಆತ್ಮಹತ್ಯೆ ಮಾಡಿಕೊಂಡ. ಚಾನೆಲ್‌ನವರು ಮೊದಲ ಎಪಿಸೋಡನ್ನ ಮತ್ತೆ ಎಡಿಟ್ ಮಾಡಬೇಕಾಯ್ತು. ನೀವೆಲ್ಲ ಬೆರಳು, ತೋಳು, ಹಿಡಿದುಕೊಂಡವಳು ಅಂತ ಬಿಡಿಸಿ ಬಿಡಿಸಿ ನೋಡ್ತಿರೋದು ಆ ಹೆಂಗಸಿನ ಸಂಕಟದ ಕ್ಷಣ. ಗೊತ್ತಾದ ಮೇಲೆ ನನಗೆ ನಗು ಬರಲ್ಲ.

ಸುಮಾ_ಬರೀತಾಳೆ
ನನಗೆ ಇದು ಗೊತ್ತೇ ಇರಲಿಲ್ಲ ಮೇಡಂ.

ಹಳೇಬ್ರೌಸರ್
ಮಾಲತಿಯವರು ಹೇಳಿದ್ದು ನಿಜ, ನಾನು ಮೇಲೆ ಬರೆಯುವಾಗ ಬೇಕಂತಲೇ ಬಿಟ್ಟೆ, ಬಿಡಬಾರದಿತ್ತು. ಒಂದು ಮಾತು ಸೇರಿಸ್ತೀನಿ. ಟೇಲರ್ ಅವರೇ ಆಮೇಲೆ ಈ ಮೀಮ್ ಬಗ್ಗೆ ಸಾರ್ವಜನಿಕವಾಗಿ ನಗುನಗುತ್ತಲೇ ಮಾತಾಡಿದ್ದಾರೆ, ಮುನಿಸಿಕೊಂಡಿಲ್ಲ.

ಮಾಲತಿ_ಎಸ್
ಅವರು ನಗೋದು ಅವರ ಹಕ್ಕು. ತನ್ನ ಗಾಯವನ್ನ ತಾನು ತಮಾಷೆ ಮಾಡಿಕೊಂಡ್ರೆ ಊರಿಗೆಲ್ಲ ಅನುಮತಿ ಸಿಕ್ಕಿತು ಅಂತಲ್ಲ. ಇನ್ನೊಂದು, ನನ್ನ ಗುಂಪುಗಳಿಗೆ ಬರೋ ಈ ಮೀಮ್‌ಗಳಲ್ಲಿ ಕಿರುಚೋಳು ಯಾವಾಗಲೂ ಹೆಂಡತಿ, ತಣ್ಣಗೆ ಕೂತ ಬೆಕ್ಕು ಯಾವಾಗಲೂ ಗಂಡ. ಅವಳು ಯಾಕೆ ಕಿರುಚೋ ಹಂತಕ್ಕೆ ಬಂದ್ಲು ಅಂತ ಯಾರೂ ಕೇಳಲ್ಲ.

ಪುಟ್ಟಣ್ಣಿ
ಆದ್ರೆ ಮೇಡಂ, ಸುಮಾ ಅವರ ಮೀಮಿನಲ್ಲಿ ಕಿರುಚೋಳು ಸ್ವತಃ ಸುಮಾನೇ. ತನ್ನನ್ನೇ ಆ ಜಾಗದಲ್ಲಿ ಇಟ್ಟುಕೊಂಡಿದ್ದಾರೆ. ನ್ಯಾಯವೂ ಅವರ ಕಡೆಯೇ ಇದೆ.

ಮಾಲತಿ_ಎಸ್
ಅದು ಒಪ್ಪುವ ಮಾತು. ಆದ್ರೂ ನಾನು ಫಾರ್ವರ್ಡ್ ಮಾಡಲ್ಲ.

ಕತ್ತರಿ_ಅಂಟು
ನನಗೂ ಈಗ ಸ್ವಲ್ಪ ಇರಿಸುಮುರಿಸು. ಕೆಲಸದ ಕಣ್ಣಲ್ಲಿ ಹೇಳೋದಾದ್ರೆ, ಆ ಸಿಟ್ಟು ನಟನೆ ಅಲ್ಲದ್ದಕ್ಕೇ ಇಷ್ಟು ಕೆಲಸ ಮಾಡ್ತಿದೆ. ಅದೇ ಚಿತ್ರವನ್ನ ಆಟಿಕೆ ಗೊಂಬೆಗಳಲ್ಲಿ, ಕಾರ್ಟೂನಿನಲ್ಲಿ ಮತ್ತೆ ಮಾಡಿದವರಿದ್ದಾರೆ. ಮಾಲತಿಯವರ ಮಾತು ಮನಸ್ಸಿಗೆ ತಟ್ಟಿದ್ರೆ ಆ ದಾರಿ ಇದೆ, ನೀವೇ ಒಂದು ಗೀಚಿ. ಬೆರಳು, ಟೇಬಲ್, ತಟ್ಟೆ ಮಾತ್ರ ಬಿಡಬೇಡಿ.

ಬೆಕ್ಕಿನಮ್ಮ
ನಾನು ಒಂದು ಕೇಳಲಾ? ಆ ಬೆಕ್ಕಿಗೆ ನಿಜವಾಗ್ಲೂ ಗಲಿಬಿಲಿ ಆಗಿರಲಿಲ್ಲ ಅಲ್ವಾ? ನಮ್ಮ ಚಿನ್ನೂ ಹೆದರಿದ್ರೆ ಕಿವಿ ಪಕ್ಕಕ್ಕೆ ಮಡಚಿ ಚಪ್ಪಟೆ ಮಾಡ್ತಾನೆ, ಕಣ್ಣಿನ ಕಪ್ಪು ದೊಡ್ಡದಾಗುತ್ತೆ, ಮೈ ಕುಗ್ಗಿಸ್ತಾನೆ. ಈ ಸ್ಮಜ್ ಆರಾಮಾಗಿ ಕೂತ ಹಾಗಿದೆ. ಬಾಯಿಯ ಗೆರೆ ಕೆಳಕ್ಕೆ ಇಳಿದಿರೋದ್ರಿಂದ ಮುಖ ಸೊಟ್ಟ ಮಾಡಿದ ಹಾಗೆ ಕಾಣುತ್ತೆ ಅಷ್ಟೇ.

ಕತ್ತರಿ_ಅಂಟು
ಅಕ್ಕಾ, ಕುಲೆಶೋವ್ ಅಂತ ನಾನು ಒಂದು ಪುಟ ಬರೆದದ್ದನ್ನ ನೀವು ಕಿವಿಯಲ್ಲೇ ಮುಗಿಸಿದ್ರಿ.

ಸುಮಾ_ಬರೀತಾಳೆ
ಅಪ್‌ಡೇಟ್. ಫೋಟೋ ಬಿಟ್ಟು ಪೆನ್ಸಿಲ್‌ನಲ್ಲಿ ನಾನೇ ಗೀಚಿದೆ. ಎಡಗಡೆ ಜಡೆ ಹಾಕ್ಕೊಂಡ ನಾನು, ತೋಳು ಪೂರ್ತಿ ಬಲಕ್ಕೆ ಚಾಚಿದೆ, ಹಿಂದೆ ಗೆಳತಿ ಸೊಂಟ ಹಿಡಿದಿದ್ದಾಳೆ. ಬಲಗಡೆ ಟೇಬಲ್, ತಟ್ಟೆ, ಬೆಕ್ಕು. ಬೆಕ್ಕಿನ ಮುಖಕ್ಕೆ ಭಾವ ಕೊಡೋಕೆ ಹೋಗಿ ನಾಲ್ಕು ಸಲ ಅಳಿಸಿದೆ, ಆಮೇಲೆ ಎರಡು ಚುಕ್ಕೆ, ಒಂದು ಅಡ್ಡಗೆರೆ ಹಾಕಿ ಬಿಟ್ಟೆ. ಅದೇ ಸರಿಹೋಯ್ತು. ಮೇಲೆ ಬಿಳಿ ಪಟ್ಟಿ. ನನ್ನ ಮಾತನ್ನ "ಮೂರು ವಾರದಿಂದ ಕೇಳ್ತಿದೀನಿ, ಯಾವ ದಿನ ಹೊರಡೋದು!" ಅಂತ ಮೊಟಕು ಮಾಡಿದೆ. ಬೆಕ್ಕಿಗೆ "ಎಲ್ಲಿಗೆ?"

ಐದು ಜನರಲ್ಲಿ ನಾಲ್ಕು ಜನ ನಕ್ಕರು. ಐದನೆಯವಳು ಈಗಷ್ಟೇ ಮೆಸೇಜ್ ಹಾಕಿದ್ದಾಳೆ: "ಚೆನ್ನಾಗಿದೆ ಕಣೆ. ಅಂದ ಹಾಗೆ, ಯಾವ ದಿನ ಹೊರಡೋದು ಅಂತ ಆಯ್ತು?"

ಪುಟ್ಟಣ್ಣಿ
ಅವಳೇ ಬೆಕ್ಕು.

ಹಳೇಬ್ರೌಸರ್
"ಯಾವ ದಿನ ಆದ್ರೂ ಓಕೆ" ಹಾಕಿದ್ರೆ ಐದೂ ಜನ ನಗ್ತಿದ್ರು ಅಂತ ನಾನು ಈಗಲೂ ಹೇಳ್ತೀನಿ.